ಅರ್ಜಿ ಬರೆಯುವ ಮೊದಲು ಅಂಗಡಿಗೆ ಹೋಗು

ಪ್ರೀತಿಯ ಪುಟ್ಟಿಗೆ, ಮಾಮಾನ ಆಶೀರ್ವಾದಗಳು.

ನೀನು ಕಳಿಸಿದ ಅರ್ಜಿ ಎರಡು ಸಲ ಓದಿದೆ. ಸಿರಿಧಾನ್ಯದ ತಿಂಡಿ ಮಾಡುವ ಕಂಪನಿಯಲ್ಲಿ ಮಾರ್ಕೆಟಿಂಗ್ ಟ್ರೈನಿ ಕೆಲಸ ಅಂದರೆ ನನಗೂ ಖುಷಿಯೇ. ಇಷ್ಟು ವರ್ಷ ನಾನು ಮಾಡಿಕೊಂಡು ಬಂದದ್ದೂ ಇದೇ ಕೆಲಸ ಅಲ್ವಾ? ಅದಕ್ಕೇ ಫೋನಿನಲ್ಲಿ ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ನಿನ್ನ ಅರ್ಜಿಯ ಎರಡನೇ ಪ್ಯಾರಾ ತೆಗೆದುಹಾಕು. ‘ನನಗೆ ಉತ್ತಮ ಸಂಶೋಧನಾ ಕೌಶಲ, ಬರವಣಿಗೆಯ ಕೌಶಲ ಇದೆ, ಬೇಗ ಕಲಿಯುತ್ತೇನೆ’ ಎಂದು ಬರೆದಿದ್ದೀಯ. ಸುಳ್ಳಲ್ಲ, ನನಗೆ ಗೊತ್ತು. ಆದರೆ ಇದೇ ಸಾಲು ಬಿಬಿಎ ಮಾಡಿದವರೂ ಬರೆಯುತ್ತಾರೆ, ಎಂಜಿನಿಯರಿಂಗ್ ಮಾಡಿದವರೂ ಬರೆಯುತ್ತಾರೆ. ನಾನು ಅರ್ಜಿ ನೋಡುತ್ತಿದ್ದ ಕಾಲದಲ್ಲಿ ಇಂಥ ಸಾಲು ಬಂದರೆ ಕಣ್ಣು ತಾನೇ ಮುಂದಕ್ಕೆ ಜಾರುತ್ತಿತ್ತು. ಕೌಶಲ ಇದೆ ಎಂದು ಹೇಳಬೇಡ, ಅವರದೇ ಸರಕಿನ ಮೇಲೆ ಅದನ್ನು ಬಳಸಿ ತೋರಿಸು.

ಮೊದಲು ನಿನ್ನ ಎಂ.ಎ. ಪ್ರಬಂಧದ ವಿಷಯ. ಅರ್ಜಿಯಲ್ಲಿ ಬರೀ ತಲೆಬರಹ ಕೊಟ್ಟು ಬಿಟ್ಟಿದ್ದೀಯ: ‘ಹತ್ತೊಂಬತ್ತನೇ ಶತಮಾನದ ಧಾರವಾಡ ಸೀಮೆಯ ಹತ್ತಿ ವ್ಯಾಪಾರ’. ಓದಿದವರಿಗೆ ಇದಕ್ಕೂ ಬಿಸ್ಕೆಟ್ ಮಾರುವುದಕ್ಕೂ ಏನು ಸಂಬಂಧ ಅನ್ನಿಸುತ್ತದೆ. ಆದರೆ ಒಳಗೆ ಏನಿದೆ ನೋಡು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು, ನಮ್ಮ ಸೀಮೆಯ ಹತ್ತಿಗೆ ಬೆಲೆ ಏರಿತು. ಏರಿದ ಹಾಗೆ ಕಲಬೆರಕೆಯೂ ಜಾಸ್ತಿ ಆಯಿತು. ಉದ್ದ ಎಳೆಯ ಹತ್ತಿಗೆ ಗಿಡ್ಡ ಎಳೆಯದು ಸೇರಿಸಿದರು, ಬೀಜ, ಕಸ, ಮಣ್ಣು ಹಾಗೇ ಬಿಟ್ಟರು. ಕೊನೆಗೆ 1863ರಲ್ಲಿ ಮುಂಬೈ ಸರ್ಕಾರ ಹತ್ತಿಯ ಮೋಸ ತಡೆಯಲಿಕ್ಕೆಂದೇ ಒಂದು ಕಾಯ್ದೆ ತರಬೇಕಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಇನ್ನು ಹೆಸರಿನ ವಿಷಯ. ಬೆಳೆದದ್ದು ಧಾರವಾಡದ ಎರೆ ಹೊಲದಲ್ಲಿ, ಹಡಗು ಹತ್ತಿದ್ದು ಕುಮಟಾ ಬಂದರಿನಲ್ಲಿ. ಹಾಗಾಗಿ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಹತ್ತಿ ಎಂದೇ ಹೆಸರಾಯಿತು.

ಸಾವಿರಾರು ಮೈಲಿ ದೂರದಲ್ಲಿ ಕೂತವನು ಕಣ್ಣಿಂದ ನೋಡದ ಸರಕನ್ನು ಯಾವುದರ ಮೇಲೆ ನಂಬುತ್ತಾನೆ? ಹೆಸರಿನ ಮೇಲೆ. ಆ ಹೆಸರಿನ ಸರಕಿನಲ್ಲಿ ಕಸ ಬಂದರೆ ಏನಾಗುತ್ತದೆ? ಇದು ಬ್ರ್ಯಾಂಡಿನ ಪ್ರಶ್ನೆಯೇ ಪುಟ್ಟಿ. ಎರಡು ವರ್ಷ ನೀನು ಅದನ್ನೇ ಓದಿದ್ದೀಯ. ಹಾಗಾಗಿ ಆ ಪ್ಯಾರಾ ಹೀಗೆ ಬರಲಿ:

‘ಧಾರವಾಡ ಸೀಮೆಯ ಹತ್ತಿಯನ್ನು ದೂರದ ಕೊಳ್ಳುವವರು ಯಾಕೆ ನಂಬದಾದರು ಎಂಬುದು ನನ್ನ ಪ್ರಬಂಧದ ಪ್ರಶ್ನೆ. ಗ್ಯಾಜೆಟಿಯರ್, ಸರ್ಕಾರಿ ವರದಿಗಳು ಮತ್ತು ಒಂದು ವ್ಯಾಪಾರಿ ಮನೆತನದ ಲೆಕ್ಕದ ಪುಸ್ತಕ ಇಟ್ಟುಕೊಂಡು, ಒಂದು ಹೇಳುವುದನ್ನು ಇನ್ನೊಂದರ ಜೊತೆ ತಾಳೆ ನೋಡಿ ಉತ್ತರ ಹುಡುಕಿದೆ. ಇದೇ ರೀತಿಯಲ್ಲಿ ನಿಮ್ಮ ರಾಗಿ ಬಿಸ್ಕೆಟ್ ಬಗ್ಗೆ ಮೂರು ಅಂಗಡಿಗಳಲ್ಲಿ ವಿಚಾರಿಸಿದ್ದೇನೆ. ಕಂಡದ್ದನ್ನು ಒಂದು ಪುಟದಲ್ಲಿ ಬರೆದು ಜೊತೆಗಿಟ್ಟಿದ್ದೇನೆ.’

ಇಷ್ಟು ಸಾಕು. ಆದರೆ ಕೊನೆಯ ಎರಡು ಸಾಲು ನಿಜವಾಗಬೇಕಾದರೆ ನೀನು ಅಂಗಡಿಗೆ ಹೋಗಲೇಬೇಕು. ಒಂದು ಕಿರಾಣಿ ಅಂಗಡಿ, ಒಂದು ಸೂಪರ್ ಮಾರ್ಕೆಟ್, ಒಂದು ಮೆಡಿಕಲ್ ಶಾಪ್ ಆರಿಸಿಕೋ. ಮೆಡಿಕಲ್ ಶಾಪ್ ಯಾಕೆ ಅಂದರೆ ರಾಗಿ ಮಾಲ್ಟು, ಶುಗರ್ ಇದ್ದವರ ತಿಂಡಿ ಅಂತ ಇಂಥ ಸರಕು ಅಲ್ಲೂ ಇರುತ್ತದೆ.

ಮೊದಲು ಆ ಕಂಪನಿಯ ಬಿಸ್ಕೆಟ್ ಪ್ಯಾಕು, ಅದರ ಎದುರಾಳಿಯದು ಒಂದು ಪ್ಯಾಕು ಕೊಂಡುಕೊಂಡು ಬಾ. ಮುಂದೆ ದೊಡ್ಡದಾಗಿ ‘ರಾಗಿ’ ಎಂದಿರುತ್ತದೆ. ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದು. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು, ಹೀಗೆ ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ. ಹಾಗಾಗಿ ಪಟ್ಟಿಯಲ್ಲಿ ಮೈದಾ ಮೊದಲಿದ್ದು ರಾಗಿ ಮೂರನೆಯದಾಗಿದ್ದರೆ ಅದರರ್ಥ ನಿನಗೇ ಗೊತ್ತಾಗುತ್ತದೆ. ಮುಂದೆ ಎತ್ತಿ ಹೇಳಿದ ಪದಾರ್ಥ ಶೇಕಡಾ ಎಷ್ಟಿದೆ ಎಂಬುದನ್ನೂ ಹಿಂದೆ ಕೊಡಬೇಕು. ಎರಡೂ ಪ್ಯಾಕಿನ ಆ ಅಂಕಿ ಬರೆದುಕೋ. ‘ಸಕ್ಕರೆ ಸೇರಿಸಿಲ್ಲ’ ಎಂದು ಮುಂದೆ ಹಾಕಿ ಹಿಂದೆ ಬೆಲ್ಲದ ಪುಡಿ ಬರೆದಿದ್ದರೆ ಕೆಂಪು ಗೆರೆ ಎಳೆ. ಬೆಲ್ಲ, ಜೇನು ಹಾಕಿದ ಮೇಲೆ ಆ ಮಾತು ಹೇಳುವ ಹಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲವೇ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಒಂದು ದಾಖಲೆಯ ಹಣೆಬರಹಕ್ಕೂ ಒಳಗಿನ ವಿವರಕ್ಕೂ ತಾಳೆ ಇದೆಯಾ ಎಂದು ನೋಡುವುದು ನಿನಗೆ ರೂಢಿ. ಮಾರ್ಕೆಟಿಂಗ್ ವಿಭಾಗದಲ್ಲಿ ಪ್ಯಾಕಿನ ಮೇಲೆ ಹೋಗುವ ಪ್ರತಿ ಸಾಲಿಗೂ ಇದೇ ಕೆಲಸ ಮಾಡುವವರು ಬೇಕು.

ಬೆಲೆಯನ್ನು ಪ್ಯಾಕಿನ ಲೆಕ್ಕದಲ್ಲಿ ಹೋಲಿಸಬೇಡ, 100 ಗ್ರಾಮಿನ ಲೆಕ್ಕಕ್ಕೆ ತಾ. ಒಂದು ಪ್ಯಾಕು 150 ಗ್ರಾಂ 45 ರೂಪಾಯಿ, ಇನ್ನೊಂದು 120 ಗ್ರಾಂ 42 ರೂಪಾಯಿ ಎಂದಿಟ್ಟುಕೋ. ನೋಡಲಿಕ್ಕೆ ಎರಡನೆಯದು ಅಗ್ಗ. ಲೆಕ್ಕ ಹಾಕಿದರೆ ಮೊದಲನೆಯದು 100 ಗ್ರಾಮಿಗೆ 30, ಎರಡನೆಯದು 35.

ಆಮೇಲೆ ಅಂಗಡಿಯವರನ್ನು ಮಾತಾಡಿಸು. ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗು, ಮಧ್ಯಾಹ್ನ ಮೂರರ ಸುಮಾರಿಗೆ. ಯಾರು ಕೊಳ್ಳುತ್ತಾರೆ, ಏನೆಂದು ಕೇಳುತ್ತಾರೆ, ಒಮ್ಮೆ ಕೊಂಡವರು ಮತ್ತೆ ಬರುತ್ತಾರಾ ಎಂದು ಕೇಳು. ‘ಇದು ಚಲೋ ಹೋಗ್ತದ್ರಿ’ ಎಂದು ಒಂದು ಪ್ಯಾಕು ಎತ್ತಿ ತೋರಿಸುತ್ತಾರೆ. ಅದನ್ನು ಬರೆದುಕೋ, ಆದರೆ ಅಷ್ಟಕ್ಕೇ ನಂಬಬೇಡ. ಯಾವ ಕಂಪನಿ ಜಾಸ್ತಿ ಮಾರ್ಜಿನ್ ಕೊಡುತ್ತದೋ ಅದರ ಬಗ್ಗೆ ಒಳ್ಳೆಯ ಮಾತು ಬರುವುದು ಸಹಜ. ಅವರ ತಪ್ಪೇನಲ್ಲ, ಅದು ಅವರ ಹೊಟ್ಟೆಪಾಡು.

ಅದಕ್ಕೆ ಶೆಲ್ಫಿನ ಹತ್ತಿರ ಹೋಗಿ ಪ್ಯಾಕಿನ ಮೇಲೆ ತಯಾರಿಸಿದ ತಾರೀಕು ನೋಡು. ಮುಂದಿನ ಸಾಲಿನಲ್ಲಿ ಹೋದ ತಿಂಗಳ ಸರಕು ಇದ್ದರೆ ಅದು ಓಡುತ್ತಿದೆ. ನಾಲ್ಕು ತಿಂಗಳ ಹಿಂದಿನದು ಧೂಳು ಹಿಡಿದು ಕೂತಿದ್ದರೆ ‘ಚಲೋ ಹೋಗ್ತದ’ ಅನ್ನುವ ಮಾತಿಗೂ ಅದಕ್ಕೂ ತಾಳೆ ಇಲ್ಲ. ಒಂದೇ ಅಂಗಡಿ ನೋಡಿ ತೀರ್ಮಾನ ಮಾಡಬೇಡ. ಡಿಸ್ಟ್ರಿಬ್ಯೂಟರು ಹಳೆಯ ಸ್ಟಾಕನ್ನೇ ಅಲ್ಲಿಗೆ ಇಳಿಸಿರಬಹುದು. ಮೂರೂ ಕಡೆ ಹಾಗೇ ಇದ್ದರೆ ಮಾತಿಗೆ ಬಲ ಬರುತ್ತದೆ.

ಆನ್‌ಲೈನ್ ರಿವ್ಯೂಗಳನ್ನೂ ಓದು, ಆದರೆ ಶಾಸನ ಓದುವ ಹಾಗೆ ಓದು. ದಾನ ಕೊಟ್ಟವರ ಹೆಸರು ಕಲ್ಲಿನಲ್ಲಿ ಇರುತ್ತದೆ, ಊರಿನ ಉಳಿದವರದು ಇರುವುದಿಲ್ಲ. ಹಾಗೇ ತುಂಬಾ ಮೆಚ್ಚಿದವರು, ತುಂಬಾ ಸಿಟ್ಟಾದವರು ಬರೆಯುತ್ತಾರೆ. ಒಮ್ಮೆ ತಿಂದು ಸುಮ್ನೆ ಬಿಟ್ಟವರು ಬರೆಯುವುದಿಲ್ಲ. ಕಂಪನಿಗೆ ಬೇಕಾದದ್ದು ಆ ಬಿಟ್ಟವರೇ. ಜನ ಗೂಗಲ್‌ನಲ್ಲಿ ಒಂದು ಪದವನ್ನು ಯಾವಾಗ ಎಷ್ಟು ಹುಡುಕಿದರು ಎಂದು ತೋರಿಸುವ ಗೂಗಲ್ ಟ್ರೆಂಡ್ಸ್ ಗೆರೆಯನ್ನು ಅಂಟಿಸುವುದಾದರೆ ಒಂದು ತಿಳಿದಿರಲಿ. ಅಲ್ಲಿನ 100 ಅಂದರೆ ನೂರು ಜನ ಅಲ್ಲ. ನೀನು ಆರಿಸಿದ ಅವಧಿಯಲ್ಲಿ ಹುಡುಕಾಟ ಎಲ್ಲಕ್ಕಿಂತ ಹೆಚ್ಚಿದ್ದ ಹೊತ್ತಿಗೆ 100 ಎಂದು ಕೊಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿರುತ್ತಾರೆ. ಸಂದರ್ಶನದಲ್ಲಿ ಈ ತಪ್ಪು ಮಾಡುವ ಹುಡುಗರನ್ನು ಬಹಳ ನೋಡಿದ್ದೇನೆ.

ಈಗ ಆ ಒಂದು ಪುಟ. ಇಲ್ಲಿ ನಿನ್ನ ಅಭ್ಯಾಸ ಸ್ವಲ್ಪ ಬದಲಾಗಬೇಕು. ಪ್ರಬಂಧದಲ್ಲಿ ಹಿನ್ನೆಲೆ, ಆಕರಗಳು, ಚರ್ಚೆ ಎಲ್ಲ ಆದ ಮೇಲೆ ತೀರ್ಮಾನ. ಮ್ಯಾನೇಜರಿಗೆ ಬರೆಯುವಾಗ ತೀರ್ಮಾನವೇ ಮೊದಲ ಸಾಲು. ಅವರು ಅಷ್ಟೇ ಓದಿ ಎದ್ದು ಹೋದರೂ ವಿಷಯ ತಲುಪಿರಬೇಕು. ಸಿರಿಧಾನ್ಯದ ಪ್ರಾಚೀನತೆ, 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಗಿತ್ತು ಅನ್ನುವುದೆಲ್ಲ ಬೇಡ, ಅದು ಅವರಿಗೆ ಬಾಯಿಪಾಠ.

ಉದಾಹರಣೆಗೆ ನಿನಗೆ ಹೀಗೆ ಕಂಡಿತು ಅನ್ನೋಣ. ಅಂಗಡಿಯವರು ಆ ಕಂಪನಿಯ ಬಿಸ್ಕೆಟನ್ನು ಶುಗರ್ ಇದ್ದವರ ತಿಂಡಿಯ ಸಾಲಿನಲ್ಲಿ ಇಟ್ಟಿದ್ದಾರೆ. ಶುಗರ್ ಇದ್ದವರು ಕೈಗೆತ್ತಿಕೊಂಡು, ಹಿಂದೆ ಸಕ್ಕರೆ ಎಂದು ಓದಿ ವಾಪಸ್ ಇಡುತ್ತಾರೆ. ಮಕ್ಕಳ ಡಬ್ಬಿಗೆ ಹುಡುಕುವ ತಾಯಂದಿರು ಆ ಸಾಲಿಗೆ ಬರುವುದೇ ಇಲ್ಲ. ಆಗ ಮೊದಲ ಸಾಲು ಹೀಗಿರಲಿ: ‘ನಾನು ನೋಡಿದ ಮೂರು ಅಂಗಡಿಗಳಲ್ಲಿ ಎರಡರಲ್ಲಿ ರಾಗಿ ಬಿಸ್ಕೆಟ್ ಇರಬೇಕಾದ ಜಾಗದಲ್ಲಿಲ್ಲ.’ ಕೆಳಗೆ ಕಂಡದ್ದು, ಕೇಳಿದ್ದು ಬೇರೆ ಬೇರೆಯಾಗಿ ಬರೆ. ಕೊನೆಗೆ ಒಂದು ಸಣ್ಣ ಪರೀಕ್ಷೆ ಸೂಚಿಸು. ಕೆಲವು ಅಂಗಡಿಗಳಲ್ಲಿ ನಾಲ್ಕು ವಾರ ಪ್ಯಾಕನ್ನು ಮಾಮೂಲಿ ಬಿಸ್ಕೆಟ್ ಸಾಲಿಗೆ ತಂದಿಡುವುದು, ಅಷ್ಟೇ ವ್ಯಾಪಾರ ಇರುವ ಇನ್ನು ಕೆಲವು ಅಂಗಡಿಗಳಲ್ಲಿ ಇದ್ದಲ್ಲೇ ಬಿಡುವುದು, ಆಮೇಲೆ ಎರಡೂ ಕಡೆಯ ಮಾರಾಟ ಹೋಲಿಸುವುದು. ಬದಲಾಯಿಸದೆ ಬಿಟ್ಟ ಅಂಗಡಿಗಳು ಮುಖ್ಯ. ಅವಿಲ್ಲದಿದ್ದರೆ ಮಾರಾಟ ಏರಿದ್ದು ಜಾಗದಿಂದಲೋ, ಶಾಲೆ ಶುರುವಾದದ್ದರಿಂದಲೋ ಗೊತ್ತಾಗುವುದಿಲ್ಲ. ಮೂರು ಅಂಗಡಿಯಿಂದ ಇಡೀ ಪೇಟೆಯ ಮಾತು ಹೇಳಲಾಗದು ಎಂಬುದನ್ನೂ ಒಂದು ಸಾಲಿನಲ್ಲಿ ಬರೆದುಬಿಡು. ಓದುವವರಿಗೆ ನಿನ್ನ ಮೇಲೆ ನಂಬಿಕೆ ಬರುವುದು ಆ ಸಾಲಿನಿಂದಲೇ.

ನಿನ್ನಲ್ಲಿ ಇಲ್ಲದ್ದನ್ನು ಇದೆ ಎಂದು ಹಾಕಬೇಡ. ‘ಡಿಜಿಟಲ್ ಮಾರ್ಕೆಟಿಂಗ್ ಪರಿಣತಿ’ ಎಂಬ ಸಾಲನ್ನೂ ತೆಗೆ, ಎರಡು ಪ್ರಶ್ನೆಗೆ ಬಯಲಾಗುತ್ತದೆ. ಅದರ ಬದಲು ಎಕ್ಸೆಲ್‌ನಲ್ಲಿ ಉದ್ದದ ಪಟ್ಟಿಯನ್ನು ಗುಂಪು ಮಾಡಿ ಒಟ್ಟು ತೋರಿಸುವ ಪಿವೋಟ್ ಟೇಬಲ್ ಮಾಡುವುದು ಕಲಿತುಕೋ, ಟ್ರೈನಿಗೆ ಮೊದಲ ದಿನದಿಂದ ಬೇಕು. ಇನ್ನೊಂದು ವಿಷಯ ಅವರು ಕೇಳಿಯೇ ಕೇಳುತ್ತಾರೆ. ಪ್ರಬಂಧಕ್ಕೆ ಎರಡು ವರ್ಷ ಇತ್ತು, ಇಲ್ಲಿ ಶುಕ್ರವಾರದೊಳಗೆ ಬೇಕು ಅಂದರೆ? ಇಷ್ಟು ದಿನದಲ್ಲಿ ಈ ಪುಟ ಮಾಡಿದೆ ಎಂದು ನಿಜವಾದ ಲೆಕ್ಕ ಹೇಳು. ಮೊದಲ ತಿಂಗಳುಗಳಲ್ಲಿ ಸೇಲ್ಸ್‌ನವರ ಜೊತೆ ಬೈಕಿನಲ್ಲಿ ಅಂಗಡಿ ಅಂಗಡಿ ತಿರುಗಲು ಕಳಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡ. ಡಿಸ್ಟ್ರಿಬ್ಯೂಟರ ಗೋಡೌನು, ವಾಪಸ್ ಬಂದ ಸರಕು, ಉದ್ರಿ ಲೆಕ್ಕ ಇವೆಲ್ಲ ಕಣ್ಣಿಗೆ ಬೀಳುವುದು ಆಗಲೇ.

ಶನಿವಾರ ಅಂಗಡಿಗಳಿಗೆ ಹೋಗಿ ಬಾ. ಭಾನುವಾರ ರಾತ್ರಿಯೊಳಗೆ ಆ ಪುಟ ನನಗೆ ಕಳಿಸು. ಒಂದು ಪುಟಕ್ಕಿಂತ ಜಾಸ್ತಿ ಇದ್ದರೆ ಓದದೆ ವಾಪಸ್ ಕಳಿಸುತ್ತೇನೆ, ಈಗಲೇ ಹೇಳಿದ್ದೇನೆ. ಪ್ಯಾಕುಗಳ ಹಿಂಬದಿಯ ಫೋಟೋ ಜೊತೆಗಿರಲಿ. ಅಕ್ಕನಿಗೆ, ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ
ಮಾಮಾ