ಪಾಠಕ್ಕೆ ಜೆರಾಕ್ಸ್ ಮಾಡಿಸಿದರೆ ತಪ್ಪೇನು?

ಮಾನ್ಯ ಸಂಪಾದಕರೇ,

ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ವಾರ 240 ಪುಟದ ವಿಮರ್ಶಾ ಪುಸ್ತಕವೊಂದರಿಂದ 18 ಪುಟದ ಅಧ್ಯಾಯವನ್ನು 40 ಮಕ್ಕಳಿಗೆ ಜೆರಾಕ್ಸ್ ಮಾಡಿಸಲು ಹೋದೆ. ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ‘ಆಗಲ್ಲ ಮೇಡಂ, ಕೇಸ್ ಆಗುತ್ತೆ’ ಎಂದರು ಅಂಗಡಿಯವರು. ಪುಸ್ತಕ ಈಗ ಎಲ್ಲೂ ಸಿಗುತ್ತಿಲ್ಲ.

ಅವರ ಭಯ ಸಹಜ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಓದಬೇಕು. ವಿಮರ್ಶೆಗಾಗಿ ಒಂದಷ್ಟು ಸಾಲು ಎತ್ತಿಕೊಳ್ಳುವುದು ಅಲ್ಲಿ ನ್ಯಾಯಯುತ ಬಳಕೆ. ಪಾಠಕ್ಕೆ ಬೇರೆಯೇ ವಿನಾಯಿತಿ ಇದೆ: ಬೋಧನೆಯ ಭಾಗವಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಪ್ರತಿ ಮಾಡಿಕೊಳ್ಳಬಹುದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ, 2016ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ವಿಭಾಗೀಯ ಪೀಠ ಇದನ್ನೇ ಬಿಡಿಸಿ ಹೇಳಿತು. ಇಷ್ಟೇ ಪುಟ ಎಂಬ ಮಿತಿಯಿಲ್ಲ, ಪಾಠಕ್ಕೆ ಎಷ್ಟು ಬೇಕೋ ಅಷ್ಟು. ಪ್ರತಿ ತೆಗೆಯುವ ಕೆಲಸವನ್ನು ಅಂಗಡಿಗೆ ಒಪ್ಪಿಸಿದರೂ ವಿನಾಯಿತಿ ಹೋಗದು. ಅದು ನಮ್ಮ ಹೈಕೋರ್ಟ್ ತೀರ್ಪಲ್ಲ, ನಿಜ. ಕಾಯ್ದೆ ಮಾತ್ರ ದೇಶಕ್ಕೆಲ್ಲ ಒಂದೇ ಅಲ್ವಾ?

ಇಡೀ ಪುಸ್ತಕ ಬೈಂಡ್ ಮಾಡಿ ಕಂಡವರಿಗೆಲ್ಲ ಮಾರುವುದಕ್ಕೆ ಇದು ರಕ್ಷಣೆಯಲ್ಲ. ಹಾಗಾಗಿ ಕಾಲೇಜುಗಳು ಯಾವ ತರಗತಿ, ಯಾವ ಅಧ್ಯಾಯ, ಎಷ್ಟು ಪ್ರತಿ ಎಂದು ಬರೆದ ಪತ್ರವನ್ನು ಅಂಗಡಿಗೆ ಕೊಡಲಿ.

– ಒಬ್ಬ ಉಪನ್ಯಾಸಕಿ, ಶಿವಮೊಗ್ಗ