ಹಿರಿಯ ವಕೀಲರಿಗೆ ಮೆಸೇಜ್ ಹಾಕುವಾಗ

ಜೂನಿಯರ್ ಗೆಳೆಯರೇ, ‘ಸರ್, ಗೈಡ್ ಮಾಡಿ’ ಅಂತ ಸುಮ್ನೆ ಕೇಳಿದರೆ ಯಾರೂ ಉತ್ತರಿಸುವುದಿಲ್ಲ, ಏನು ಮಾಡಬೇಕು ಅಂತಲೇ ಅವರಿಗೆ ಗೊತ್ತಾಗುವುದಿಲ್ಲ ಅಲ್ವಾ. ಹೀಗೆ ಬರೆಯಿರಿ:

‘ನಮಸ್ಕಾರ ಸರ್. ಸಿವಿಲ್ ಕೋರ್ಟಿನಲ್ಲಿ ಎರಡು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಒಂದು ಜಮೀನಿನ ದಾವೆ. ಪಹಣಿ ನಮ್ಮ ಕಕ್ಷಿದಾರರ ಹೆಸರಲ್ಲಿದೆ, ಸ್ವಾಧೀನವೂ ಅವರದೇ, ಆದರೆ ಎದುರಿನವರು ನೋಟಿಸಿಗೆ ಉತ್ತರ ಕೊಡುವಾಗ ಹಳೆಯ ಕ್ರಯಪತ್ರ ತೋರಿಸಿ ಹಕ್ಕನ್ನೇ ಅಲ್ಲಗಳೆದಿದ್ದಾರೆ. ಬರೀ ಇಂಜಂಕ್ಷನ್ ಕೇಳಿದರೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು ಅಂತ ನನ್ನ ಅನಿಸಿಕೆ. ಸುಪ್ರೀಂ ಕೋರ್ಟಿನ 2008ರ ಅನಾಥುಲ ಸುಧಾಕರ್ ತೀರ್ಪು ಓದಿದ್ದೇನೆ. ಕೋರಿಕೆಯ ಪ್ಯಾರಾ ಒಂದು ಪುಟದಲ್ಲಿದೆ, ಅದನ್ನಷ್ಟೇ ನೋಡುತ್ತೀರಾ? ಶನಿವಾರ ಸಂಜೆ ಹತ್ತು ನಿಮಿಷ ಸಾಕು. ಮುಂದೆಯೂ ಎರಡು ತಿಂಗಳಿಗೊಮ್ಮೆ ಇಂಥ ಒಂದೇ ಪ್ರಶ್ನೆ ತರಬಹುದಾ? ಆಗದಿದ್ದರೆ ಖಂಡಿತ ಬೇಸರವಿಲ್ಲ.’

ನಿಮ್ಮ ಅನಿಸಿಕೆಯನ್ನು ಮೊದಲೇ ಬರೆದರೆ ಅವರು ಸರಿ, ತಪ್ಪು ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಇಡೀ ಫೈಲಿನ ಪಿಡಿಎಫ್ ಕಳಿಸಿದರೆ ಅದನ್ನು ತೆರೆಯುವುದೇ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ತುಂಬ ಜಾಗ್ರತೆ ಬೇಕು. ಕಕ್ಷಿದಾರರ ಹೆಸರು, ಸರ್ವೆ ನಂಬರ್, ಊರು ಹಾಕಬೇಡಿ. ಅವರು ಹೇಳಿದ ಮಾತನ್ನು ಒಪ್ಪಿಗೆ ಇಲ್ಲದೆ ಹೊರಗೆ ಬಿಡಬಾರದು ಅಂತ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೇ ಇದೆ. ಎದುರಿನವರ ವಕಾಲತ್ತು ಅದೇ ಹಿರಿಯರ ಆಫೀಸಿನದಾ ಅಂತಲೂ ಮೊದಲೇ ನೋಡಿಕೊಳ್ಳಿ. ಹಾಗಿದ್ದರೆ ಆ ಪ್ರಶ್ನೆಯನ್ನು ಬೇರೆಯವರ ಹತ್ತಿರ ಕೇಳಿ.

ಕಲಾಪದ ಹೊತ್ತಿನಲ್ಲಿ ಬೇಡ, ಸಂಜೆ ಕಳಿಸಿ.