ಅಕ್ರಾದಿಂದ ಅಪ್ಪನಿಗೆ, ಅಜ್ಜಿಯ ಚೆನ್ನೆಮಣೆಯ ಕುರಿತು

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಅಜ್ಜಿ ಬಿದ್ದು ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಯಾರೊಂದಿಗೂ ಮಾತಾಡದೆ ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆಂದು ನೀವು ಬರೆದದ್ದನ್ನು ಓದಿದಂದಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅವರ ಕೈಗಳಿಗೆ ಏನೂ ಆಗಿಲ್ಲವಲ್ಲ. ಅಟ್ಟದ ಮೇಲಿನ ಚೆನ್ನೆಮಣೆಯನ್ನು ಇಳಿಸಿ ಹಾಸಿಗೆಯ ಪಕ್ಕದಲ್ಲಿಟ್ಟು, ಈ ಪತ್ರವನ್ನು ಅವರಿಗೆ ಓದಿ ಹೇಳಿ.

ಘಾನಾದಲ್ಲಿಯೂ ಗುಳಿಮಣೆಯ ಆಟವಿದೆ. ಅದಕ್ಕೆ ಓವಾರೆ ಎನ್ನುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಏಳು ಗುಳಿಗಳಾದರೆ ಇಲ್ಲಿ ಆರು, ಗುಳಿಗೆ ನಮ್ಮಂತೆಯೇ ನಾಲ್ಕು ಕಾಳು. ಆ ಕಾಳು ಯಾವುದೆಂದು ಅಜ್ಜಿಗೆ ಹೇಳಿ: ನಮ್ಮ ಗಜ್ಜುಗ! ಬೂದು ಬಣ್ಣದ ಆ ನುಣುಪು ಬೀಜವನ್ನು ಕೈಯಲ್ಲಿ ಹಿಡಿದಾಗ ನನಗೆ ಮನೆಯ ಬೇಲಿಯೇ ಕಣ್ಣೆದುರು ಬಂತು.

ಗೆಲ್ಲುವ ರೀತಿ ಮಾತ್ರ ಬೇರೆ. ನಮ್ಮಲ್ಲಿ ಗುಳಿಗೊಂದರಂತೆ ಕಾಳು ಹಾಕಿ ಮುಗಿದ ಮೇಲೆ ಮುಂದಿನ ಗುಳಿಯ ಕಾಳನ್ನೆತ್ತಿ ಆಟ ಮುಂದುವರಿಸುತ್ತೇವೆ. ಖಾಲಿ ಗುಳಿ ಎದುರಾದಾಗ ಅದರಾಚೆಯದು ನಮಗೆ ಸಿಗುತ್ತದೆ. ಇಲ್ಲಿ ಒಂದೇ ಸಲ ಹಾಕಿ ನಿಲ್ಲಿಸಬೇಕು. ಕೊನೆಯ ಕಾಳು ಎದುರಾಳಿಯ ಗುಳಿಯಲ್ಲಿ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅದು ನಮ್ಮದು. ಅದಕ್ಕೆ ತಾಗಿ ಹಿಂದಿರುವ ಅವನ ಗುಳಿಗಳಲ್ಲಿಯೂ ಎರಡು ಅಥವಾ ಮೂರಾಗಿದ್ದರೆ ಸಾಲಾಗಿ ಅವೂ ನಮ್ಮವೇ. ಆದ್ದರಿಂದ ಮೊದಲು ಕೊನೆಯ ಕಾಳು ಬೀಳಬೇಕಾದ ಜಾಗವನ್ನು ಗೊತ್ತುಮಾಡಿಕೊಂಡು, ಅಲ್ಲಿಗೆ ಎಷ್ಟು ಹೆಜ್ಜೆಯೋ ಅಷ್ಟೇ ಕಾಳಿರುವ ಗುಳಿಯನ್ನು ಹುಡುಕಬೇಕು.

ಕಳೆದ ಭಾನುವಾರ ಪಕ್ಕದ ಮನೆಯ ಹಿರಿಯರ ಜೊತೆ ಆಡುತ್ತಿದ್ದೆ. ನನ್ನ ಬಲತುದಿಯ ಆರನೆಯ ಗುಳಿಯಲ್ಲಿ ಎರಡು ಕಾಳು, ಅದರಾಚೆ ಅವರ ಮೊದಲ ಮೂರು ಗುಳಿಗಳಲ್ಲಿ ಕ್ರಮವಾಗಿ ಒಂದು, ಎರಡು, ಒಂದು. ಆಗಲೇ ಆಡಿದ್ದರೆ ಮೊದಲೆರಡು ಗುಳಿಗಳು ಎರಡು ಮತ್ತು ಮೂರಾಗಿ ಐದು ಕಾಳು ಸಿಗುತ್ತಿತ್ತು. ನಾನು ಏಳಕ್ಕೆ ಆಸೆಪಟ್ಟೆ. ನನ್ನ ಮೂರನೆಯ ಗುಳಿಯಿಂದ ಅವರ ಮೂರನೆಯದಕ್ಕೆ ಆರು ಹೆಜ್ಜೆ. ಅಲ್ಲಿ ಐದೇ ಇದ್ದವು. ಆರಾಗಲೆಂದು ಎರಡನೆಯ ಗುಳಿಯ ಒಂಟಿ ಕಾಳನ್ನು ಅದಕ್ಕೆ ಸೇರಿಸಿದೆ. ಅವರು ತಮ್ಮ ಮೊದಲ ಗುಳಿಯ ಒಂದು ಕಾಳನ್ನು ಎರಡನೆಯದಕ್ಕೆ ದಾಟಿಸಿದರು, ಅಷ್ಟೇ. ಈಗ ಅಲ್ಲಿ ಮೂರಿದ್ದುದರಿಂದ ನನ್ನ ಕಾಳು ಬಿದ್ದೊಡನೆ ನಾಲ್ಕಾಗಿ ಸಾಲು ಕಡಿಯಿತು. ಕೈಗೆ ಬಂದದ್ದು ಕೊನೆಯ ಗುಳಿಯ ಎರಡು ಮಾತ್ರ. ಎತ್ತುವ ಮೊದಲು ಎದುರಿನವರು ಏನು ಮಾಡುತ್ತಾರೆಂದು ನೋಡು ಎಂದು ಅಜ್ಜಿ ಹೇಳುತ್ತಿದ್ದುದು ಆಗ ನೆನಪಾಯಿತು.

ಆ ಜಾಗದಲ್ಲಿ ಅಜ್ಜಿಯಾಗಿದ್ದರೆ ಏನು ಮಾಡುತ್ತಿದ್ದರೆಂದು ದಯವಿಟ್ಟು ಕೇಳಿ ಬರೆಯಿರಿ. ನಮ್ಮ ಮಣೆಯಲ್ಲಿ ಎರಡೂ ಕಡೆ ಒಂದೊಂದು ಗುಳಿ ಬಿಟ್ಟು ಮಂಜೊಟ್ಟಿ ಕಾಳಿನಲ್ಲೇ ಜೋಡಿಸಿ ತೋರಿಸಬಹುದು. ದಿಂಬು ಕೊಟ್ಟು ಕೂರಿಸುವುದಾದರೆ ವೈದ್ಯರನ್ನು ಕೇಳಿಯೇ ಕೂರಿಸಿ.

ನನ್ನ ಚಿಂತೆ ಬೇಡ. ಊಟ, ಆರೋಗ್ಯ, ಕೆಲಸ ಎಲ್ಲವೂ ಚೆನ್ನಾಗಿವೆ, ನಿಜವಾಗಿಯೂ ಚೆನ್ನಾಗಿವೆ. ಔಷಧಿಯ ಹಣವನ್ನು ಈ ವಾರವೇ ಕಳಿಸುತ್ತೇನೆ. ಅಮ್ಮನಿಗೆ ನಮಸ್ಕಾರ. ಕೆಲಸಕ್ಕೆ ಹೊತ್ತಾಯಿತು, ನಿಲ್ಲಿಸುತ್ತೇನೆ.

ನಿಮ್ಮ ಮಗ,
ರವಿ